ಮರ ಒಂದೇ, ಹುಳ ಸಾವಿರ: ಶೇಕಡಾ 10ರ ಲೆಕ್ಕ ಎಲ್ಲಿ ಎಡವಿತು?

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಆಹಾರ ಸರಪಳಿಯ ಪಾಠ ಮಾಡುವಾಗ, ಒಂದು ಮೆಟ್ಟಿಲಿನ ಶಕ್ತಿಯಲ್ಲಿ ಹತ್ತನೇ ಒಂದು ಪಾಲು ಮಾತ್ರ ಅದರ ಮೇಲಿನ ಮೆಟ್ಟಿಲಿಗೆ ಹೋಗುತ್ತದೆ ಎಂಬ ಶೇಕಡಾ 10ರ ನಿಯಮ ಹೇಳಿ, ಬೋರ್ಡಿನ ಮೇಲೆ ಪಿರಮಿಡ್ ಬರೆದೆ. ಒಬ್ಬ ಹುಡುಗಿ ಎದ್ದು ಕೇಳಿದಳು: "ಮಿಸ್, ಮರ ಒಂದೇ ಇರುತ್ತೆ, ಅದರ ಮೇಲೆ ಹುಳ ಸಾವಿರಾರು ಇರುತ್ತವೆ. ಮೇಲೆ ಹೋದಂತೆ ಕಡಿಮೆ ಆಗಬೇಕಲ್ವಾ? ಹಾಗಾದ್ರೆ ನಿಯಮ ತಪ್ಪಾ? ಉಳಿದ 90 ಭಾಗ ಎಲ್ಲಿಗೆ ಹೋಗುತ್ತೆ? ಶಕ್ತಿ ನಾಶ ಆಗಲ್ಲ ಅಂತ ನೀವೇ ಹೇಳಿದ್ರಲ್ಲ." ನನಗೆ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಇದಕ್ಕೆ ಏನು ಹೇಳಬೇಕು? ಪಿರಮಿಡ್ ಹೇಗೆ ಬರೆಯಬೇಕು?

ಉತ್ತರ: ಮೇಡಂ, ಆ ಹುಡುಗಿ ನೋಡಿದ್ದು ಸರಿಯಾಗಿಯೇ ನೋಡಿದ್ದಾಳೆ. ಮರ ಒಂದು, ಹುಳ ಸಾವಿರ ಅನ್ನುವುದು ನಿಜ. ಶೇಕಡಾ 10ರ ಮಾತಿಗೂ ಅದರಿಂದ ಧಕ್ಕೆ ಇಲ್ಲ. ಯಾಕೆಂದರೆ ಅವಳು ಎಣಿಸಿದ್ದು ತಲೆಗಳನ್ನು, ನಿಯಮ ಹೇಳುವುದು ಶಕ್ತಿಯನ್ನು. ಒಂದೇ ಪುಟದಲ್ಲಿ ಒಂದೇ ಆಕಾರದ ಎರಡು ಮೂರು ಪಿರಮಿಡ್ ಬರೆದು ಬಿಡುವುದರಿಂದ ಈ ಗೊಂದಲ ಹುಟ್ಟುತ್ತದೆ. ನಾನು ಪಾಠ ಮಾಡಿದ ವರ್ಷಗಳಲ್ಲಿ ಇದೇ ಪ್ರಶ್ನೆಯನ್ನು ಹಲವು ಬಾರಿ ಕೇಳಿದ್ದೇನೆ, ಅದನ್ನು ಕೇಳಿದವರು ಪಾಠವನ್ನು ಗಮನಕೊಟ್ಟು ಕೇಳಿದ ಮಕ್ಕಳೇ.

ಮೊದಲು ತಲೆ ಎಣಿಸುವ ಮಾತು. ನಾನು ಈ ಕೆಲಸ ಕಲಿಯುತ್ತಿದ್ದಾಗ ಮರದ ಹುಳಗಳನ್ನು ಎಣಿಸಲು ಒಂದು ಸರಳ ಉಪಾಯ ಹೇಳಿಕೊಟ್ಟಿದ್ದರು. ಒಂದು ಕೊಂಬೆಯ ಕೆಳಗೆ ಬಿಳಿ ಬಟ್ಟೆ ಹರಡಿ ಹಿಡಿಯಬೇಕು, ಕೋಲಿನಿಂದ ಕೊಂಬೆಗೆ ನಾಲ್ಕೈದು ಏಟು ಹಾಕಬೇಕು. ತಕ್ಷಣ ಬಟ್ಟೆಯ ಮೇಲೆ ಹಸಿರು ಹುಳ, ಜೇಡ, ಇರುವೆ, ಕಡ್ಡಿಯಂತೆ ಕಾಣುವ ಮರಿಗಳು, ಸಾಸಿವೆಯಷ್ಟು ದೊಡ್ಡ ಜೀರುಂಡೆಗಳು ಉದುರುತ್ತವೆ. ಇರುವೆ ಓಡುತ್ತದೆ, ಜೀರುಂಡೆ ಹಾರುತ್ತದೆ. ಅವು ತಪ್ಪಿಸಿಕೊಳ್ಳುವ ಮೊದಲೇ ಎಣಿಸಬೇಕು. ಕೆಲವೇ ಕೊಂಬೆ ಬಡಿಯುವಷ್ಟರಲ್ಲಿ ಬೆಳಗಿನ ಹೊತ್ತೆಲ್ಲ ಕಳೆದುಹೋಗುತ್ತಿತ್ತು. ಅಷ್ಟು ಹೊತ್ತಿನಲ್ಲಿ ಅದೇ ಮರಕ್ಕೆ ಬಂದು ಹೋದ ಹಕ್ಕಿಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದಿತ್ತು. ಹಾಗಾಗಿ ಮರ, ಹುಳ, ಹಕ್ಕಿ ಈ ಮೂರರ ಸಂಖ್ಯೆಯನ್ನು ಒಂದರ ಮೇಲೊಂದು ಬರೆದರೆ ಪಿರಮಿಡ್ ಬರುವುದಿಲ್ಲ. ಕೆಳಗೆ ಸಣ್ಣ, ನಡುವೆ ದೊಡ್ಡ, ಮೇಲೆ ಮತ್ತೆ ಸಣ್ಣ: ನೂಲು ಸುತ್ತಿದ ಕದಿರಿನ ಹಾಗೆ ನಡು ಉಬ್ಬಿದ ಆಕಾರ ಬರುತ್ತದೆ.

ಸಂಖ್ಯೆಯ ಪಿರಮಿಡ್ ಎಂಬ ಕಲ್ಪನೆಯನ್ನು ಮುಂದಿಟ್ಟವರು ಬ್ರಿಟನ್ನಿನ ಚಾರ್ಲ್ಸ್ ಎಲ್ಟನ್, 1927ರಲ್ಲಿ. ಬೇಟೆಯಾಡುವ ಪ್ರಾಣಿ ಸಾಮಾನ್ಯವಾಗಿ ತನ್ನ ಬೇಟೆಗಿಂತ ದೊಡ್ಡದಿರುತ್ತದೆ, ಅದಕ್ಕೇ ಸಂಖ್ಯೆಯಲ್ಲಿ ಕಡಿಮೆ ಇರುತ್ತದೆ ಎಂಬುದು ಅವರು ಗಮನಿಸಿದ ವಿಷಯ. ಇಲ್ಲಿ ಕೀಲಿ ಇರುವುದು ಮೈಯ ಗಾತ್ರದಲ್ಲಿ. ಹುಲ್ಲು, ಮಿಡತೆ, ಕಪ್ಪೆ, ಹಾವು, ಹದ್ದು ಅಂತ ಹೋದರೆ ಪ್ರತಿ ಮೆಟ್ಟಿಲಲ್ಲೂ ಮೈ ದೊಡ್ಡದಾಗುತ್ತದೆ, ತಲೆ ಕಡಿಮೆಯಾಗುತ್ತದೆ. ಆಗ ಪಿರಮಿಡ್ ನೆಟ್ಟಗೆ ನಿಲ್ಲುತ್ತದೆ. ಮರದ ವಿಷಯದಲ್ಲಿ ತಿನ್ನಿಸಿಕೊಳ್ಳುವುದೇ ಬೃಹತ್ತು, ತಿನ್ನುವುದು ಚಿಕ್ಕದು. ಹಕ್ಕಿಯ ಮೈಮೇಲಿನ ಹೇನುಗಳನ್ನು ಸೇರಿಸಿದರಂತೂ ಆಕಾರ ಪೂರ್ತಿ ತಲೆಕೆಳಗು: ಒಂದು ಹಕ್ಕಿ, ಅದರ ಮೇಲೆ ಹತ್ತಾರು ಹೇನು, ಒಂದೊಂದು ಹೇನಿನ ಹೊಟ್ಟೆಯಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿ. ಪರಾವಲಂಬಿಗಳ ಸರಪಳಿ ಎಲ್ಲಿದ್ದರೂ ಹೀಗೆಯೇ.

ಈಗ ಅದೇ ಮರವನ್ನು ತೆಗೆದುಕೊಂಡು ಶಕ್ತಿಯ ಲೆಕ್ಕ ಮಾಡೋಣ. ಅಂಕಿಗಳು ಲೆಕ್ಕಕ್ಕಾಗಿ ನಾನು ಇಟ್ಟುಕೊಂಡವು, ಆದರೆ ಸುಮ್ನೆ ಕೈಗೆ ಬಂದದ್ದನ್ನು ಹಾಕಿಲ್ಲ. ಒಂದು ದೊಡ್ಡ ಮರ ಇಂಥ ಅಂಕಿಗಳ ಆಸುಪಾಸಿನಲ್ಲಿ ಇರಬಹುದು.

ಮರ ಒಂದು ವರ್ಷಕ್ಕೆ 50 ಕಿಲೋ ಒಣತೂಕದ ಎಲೆ ಬಿಡುತ್ತದೆ ಅಂದುಕೊಳ್ಳಿ. ಒಣಗಿದ ಎಲೆ ಒಂದು ಗ್ರಾಂ ಸುಟ್ಟರೆ ಸುಮಾರು ನಾಲ್ಕೂವರೆ ಕಿಲೋಕ್ಯಾಲರಿ ಬರುತ್ತದೆ. ಅಂದರೆ ಎಲೆಯಲ್ಲಿರುವ ಒಟ್ಟು ಶಕ್ತಿ 2,25,000 ಕಿಲೋಕ್ಯಾಲರಿ. ಹುಳಗಳು ಇದರಲ್ಲಿ ಹತ್ತನೇ ಒಂದು ಪಾಲು, ಐದು ಕಿಲೋ ತಿಂದವು ಅನ್ನೋಣ. ಬಾಯಿಗೆ ಹೋದದ್ದು 22,500 ಕಿಲೋಕ್ಯಾಲರಿ. ಎಲೆ ಹುಳಕ್ಕೆ ಪೂರ್ತಿ ಜೀರ್ಣವಾಗುವುದಿಲ್ಲ. ಅರ್ಧದಷ್ಟು ಕಪ್ಪು ಕಾಳಿನಂಥ ಹಿಕ್ಕೆಯಾಗಿ ಕೆಳಗೆ ಬೀಳುತ್ತದೆ. ಉಳಿದ 11,250ರಲ್ಲಿ ಮೂರನೇ ಎರಡು ಪಾಲನ್ನು ಹುಳ ತೆವಳಲು, ಅಗಿಯಲು, ಬದುಕಿರಲು ಉಸಿರಾಟದಲ್ಲಿ ಸುಟ್ಟುಕೊಳ್ಳುತ್ತದೆ. ಕೊನೆಗೆ ಹುಳದ ಮೈಯಾಗಿ ನಿಲ್ಲುವುದು 3,750 ಕಿಲೋಕ್ಯಾಲರಿ.

ಹುಳದ ಒಣ ಮೈಯಲ್ಲಿ ಗ್ರಾಂಗೆ ಸುಮಾರು ಐದು ಕಿಲೋಕ್ಯಾಲರಿ ಇರುತ್ತದೆ. ಹಾಗಾದರೆ ವರ್ಷಕ್ಕೆ ಹುಟ್ಟಿದ ಹುಳಗಳ ಒಟ್ಟು ಒಣತೂಕ 750 ಗ್ರಾಂ. ಒಂದು ಹುಳ ಒಣಗಿದಾಗ 50 ಮಿಲಿಗ್ರಾಂ ತೂಗುತ್ತದೆ ಅಂದರೆ ಒಟ್ಟು 15,000 ಹುಳ! ನಿಮ್ಮ ಹುಡುಗಿ ಹೇಳಿದ ಸಾವಿರಾರು ಇವೇ. ಒಂದು ಮರಕ್ಕೆ ಎದುರಾಗಿ ಹದಿನೈದು ಸಾವಿರ. ಆದರೆ ತಕ್ಕಡಿಗೆ ಹಾಕಿದರೆ ಒಂದು ಕಡೆ ಕೊಂಬೆ ಕಾಂಡ ಸೇರಿ ಟನ್ನುಗಟ್ಟಲೆ ಮರ, ಇನ್ನೊಂದು ಕಡೆ ಮುಕ್ಕಾಲು ಕಿಲೋ ಹುಳ. ಶಕ್ತಿಯಲ್ಲಿ 2,25,000ಕ್ಕೆ ಎದುರಾಗಿ 3,750. ಮೇಲೆ ಹೋದಂತೆ ಕಡಿಮೆಯಾಗಿದೆ, ಅದೂ ಬಹಳ ಕಡಿಮೆಯಾಗಿದೆ.

ಹಕ್ಕಿಯನ್ನೂ ನೋಡಿಬಿಡೋಣ. ಈ ಹುಳಗಳಲ್ಲಿ ಅರ್ಧದಷ್ಟು ಹಕ್ಕಿಗಳ ಪಾಲಾದವು ಅಂದುಕೊಳ್ಳಿ, ಅಂದರೆ 1,875 ಕಿಲೋಕ್ಯಾಲರಿ. ಹದಿನೆಂಟು ಇಪ್ಪತ್ತು ಗ್ರಾಂ ತೂಗುವ ಹುಳ ತಿನ್ನುವ ಪುಟ್ಟ ಹಕ್ಕಿ ದಿನಕ್ಕೆ ಸುಮಾರು 25 ಕಿಲೋಕ್ಯಾಲರಿ ತಿನ್ನಬೇಕು. ಭಾಗಿಸಿ ನೋಡಿ, 75 ದಿನ ಬರುತ್ತದೆ. ಒಂದು ದೊಡ್ಡ ಮರದ ಇಡೀ ವರ್ಷದ ಹುಳದಲ್ಲಿ ಅರ್ಧ ತಿಂದರೂ ಒಂದೇ ಒಂದು ಪುಟ್ಟ ಹಕ್ಕಿಗೆ ಎರಡೂವರೆ ತಿಂಗಳು ಸಾಗುತ್ತದೆ ಅಷ್ಟೇ. ನಾನು ಈ ಲೆಕ್ಕವನ್ನು ಮೊದಲ ಬಾರಿ ಮಾಡಿದಾಗ ಎಲ್ಲೋ ತಪ್ಪಾಗಿದೆ ಅಂತ ಎರಡು ಸಲ ತಿರುಗಿ ಮಾಡಿದ್ದೆ. ಹಕ್ಕಿ ಯಾಕೆ ದಿನವಿಡೀ ಮರದಿಂದ ಮರಕ್ಕೆ ಹಾರುತ್ತಿರುತ್ತದೆ ಅನ್ನುವುದು ಆಮೇಲೆ ಅರ್ಥವಾಯಿತು.

ಇಲ್ಲಿ ನೀವು ಇನ್ನೊಂದನ್ನು ಗಮನಿಸಿರಬಹುದು. ನನ್ನ ಲೆಕ್ಕದಲ್ಲಿ ಎಲೆಯಿಂದ ಹುಳಕ್ಕೆ ಹೋದದ್ದು ಶೇಕಡಾ 10 ಅಲ್ಲವೇ ಅಲ್ಲ, ಶೇಕಡಾ 1.7 ಅಷ್ಟೇ. ಹುಳದಿಂದ ಹಕ್ಕಿಯ ಮೈಗೆ ಹೋಗುವುದು ಅದಕ್ಕಿಂತ ಕಡಿಮೆ, ಯಾಕೆಂದರೆ ಹಕ್ಕಿ ಬಿಸಿರಕ್ತದ ಪ್ರಾಣಿ. ಜೀರ್ಣಿಸಿಕೊಂಡದ್ದರಲ್ಲಿ ನೂರಕ್ಕೆ ತೊಂಬತ್ತೇಳು ತೊಂಬತ್ತೆಂಟು ಪಾಲು ಮೈ ಬಿಸಿಯಾಗಿ ಇಟ್ಟುಕೊಳ್ಳಲು, ಹಾರಲು ಖರ್ಚಾಗುತ್ತದೆ. ಮೈಯಾಗಿ, ಮೊಟ್ಟೆಯಾಗಿ ಉಳಿಯುವುದು ಒಂದರಿಂದ ಮೂರು ಪಾಲು. ಹಾಗಾದರೆ 10 ಎಂಬ ಅಂಕಿ ಎಲ್ಲಿಂದ ಬಂತು?

ಇದು ತಿಳಿಯಬೇಕಾದರೆ ಒಂದು ಮೆಟ್ಟಿಲಿನಿಂದ ಇನ್ನೊಂದು ಮೆಟ್ಟಿಲಿಗೆ ಹೋಗುವ ಶಕ್ತಿ ಮೂರು ಜರಡಿ ದಾಟಬೇಕು ಅಂತ ಮಕ್ಕಳಿಗೆ ಹೇಳಿ. ಕೆಳಗಿನವರು ಬೆಳೆಸಿದ್ದರಲ್ಲಿ ಮೇಲಿನವರು ತಿಂದದ್ದು ಎಷ್ಟು, ಇದು ಮೊದಲ ಜರಡಿ. ತಿಂದದ್ದರಲ್ಲಿ ಜೀರ್ಣವಾದದ್ದು ಎಷ್ಟು, ಇದು ಎರಡನೆಯದು. ಜೀರ್ಣವಾದದ್ದರಲ್ಲಿ ಉಸಿರಾಟಕ್ಕೆ ಹೋಗಿ ಮೈಯಾಗಿ ಉಳಿದದ್ದು ಎಷ್ಟು, ಇದು ಮೂರನೆಯದು. ಮೂರನ್ನೂ ಗುಣಿಸಿದರೆ ಬರುವುದೇ ಆ ಮೆಟ್ಟಿಲಿನ ಶೇಕಡಾವಾರು. ನಮ್ಮ ಮರದಲ್ಲಿ ಮೊದಲ ಜರಡಿಯಲ್ಲೇ ಹತ್ತರಲ್ಲಿ ಒಂಬತ್ತು ಪಾಲು ಹೊರಗೆ ಉಳಿಯಿತು. ಎಲೆ ಗಟ್ಟಿ, ನಾರು ಜಾಸ್ತಿ, ಕಹಿಯೂ ಇರುತ್ತದೆ, ಹುಳ ಅಷ್ಟನ್ನೂ ತಿಂದು ಮುಗಿಸುವುದಿಲ್ಲ. ಇದೇ ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿಯಾದರೆ ಕಾಂಡವಿಲ್ಲ, ತೊಗಟೆಯಿಲ್ಲ, ಅದನ್ನು ತಿನ್ನುವ ಜೀವಿಗಳು ಹೆಚ್ಚಿನದನ್ನು ಮುಗಿಸಿಬಿಡುತ್ತವೆ. ಮಾಂಸ ತಿನ್ನುವ ಪ್ರಾಣಿಗಳಿಗೆ ಎರಡನೇ ಜರಡಿ ಸಲೀಸು, ತಿಂದದ್ದರಲ್ಲಿ ಬಹುಪಾಲು ಜೀರ್ಣವಾಗುತ್ತದೆ. ಮೂರನೇ ಜರಡಿಯಲ್ಲಿ ಹುಳ, ಮೀನುಗಳಂಥ ತಣ್ಣನೆ ಮೈಯವು ಗೆಲ್ಲುತ್ತವೆ, ಹಕ್ಕಿ ಮತ್ತು ಹಾಲುಣಿಸುವ ಪ್ರಾಣಿಗಳು ಸೋಲುತ್ತವೆ. ಇಷ್ಟೆಲ್ಲ ಬೇರೆಬೇರೆ ಇರುವಾಗ ಎಲ್ಲ ಕಡೆಯೂ ಸರಿಯಾಗಿ 10 ಬರಲು ಕಾರಣವೇ ಇಲ್ಲ.

ನಿಜವಾಗಿ ಅಳೆದವರಿಗೆ ಸಿಕ್ಕಿದ್ದೂ ಹಾಗೆಯೇ. ಅಮೆರಿಕದ ರೇಮಂಡ್ ಲಿಂಡೆಮನ್ ಎಂಬ ಯುವಕ ಮಿನೆಸೋಟಾದ ಸೀಡರ್ ಬಾಗ್ ಎಂಬ ಚಿಕ್ಕ ಕೆರೆಯನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ, ಒಂದು ಸ್ತರದಿಂದ ಇನ್ನೊಂದು ಸ್ತರಕ್ಕೆ ಎಷ್ಟು ಶಕ್ತಿ ಹೋಗುತ್ತದೆ ಎಂದು ಲೆಕ್ಕ ಹಾಕಿದರು. ಆ ಪ್ರಬಂಧ 1942ರಲ್ಲಿ ಪ್ರಕಟವಾಯಿತು. ಅದು ಅಚ್ಚಾಗುವ ಮೊದಲೇ, 26ನೇ ವಯಸ್ಸಿಗೆ, ಅವರು ತೀರಿಕೊಂಡಿದ್ದರು. ಶೇಕಡಾ 10ರ ನಿಯಮಕ್ಕೆ ಅವರ ಹೆಸರನ್ನೇ ಹೇಳುತ್ತೇವೆ. ಆದರೆ ಅವರ ಕೆರೆಯಲ್ಲಿ ಸಸ್ಯಾಹಾರಿಗಳ ಮೆಟ್ಟಿಲಿಗೆ ಸಿಕ್ಕಿದ ಅಂಕಿ ಶೇಕಡಾ 13.3, ಅವನ್ನು ತಿನ್ನುವವುಗಳ ಮೆಟ್ಟಿಲಿಗೆ 22.3. ಹತ್ತು ಎಲ್ಲಿಯೂ ಇಲ್ಲ. ಮುಂದೆ ಬೇರೆಬೇರೆ ಕಡೆ ಅಳೆಯುತ್ತಾ ಹೋದಂತೆ ಅಂಕಿಗಳು ಹತ್ತರ ಆಚೀಚೆ ಸುತ್ತುತ್ತಿರುವುದು ಕಂಡಿತು. 1995ರಲ್ಲಿ ಪೌಲಿ ಮತ್ತು ಕ್ರಿಸ್ಟೆನ್ಸನ್ ಎಂಬ ಇಬ್ಬರು ನೀರಿನ ಪರಿಸರಗಳ 48 ಮಾದರಿಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಾಸರಿ ಶೇಕಡಾ 10ರ ಹತ್ತಿರವೇ ಬಂತು, ಆದರೆ ಒಂದೊಂದರ ಅಂಕಿ 2ರಿಂದ 24ರವರೆಗೂ ಹರಡಿತ್ತು. ಆದ್ದರಿಂದ ಹತ್ತನ್ನು ಒಂದು ಅಂದಾಜು ಸರಾಸರಿ ಅಂತ ಹೇಳಿ. ನ್ಯೂಟನ್ನನ ನಿಯಮದ ಜೊತೆಗೆ ಒಂದೇ ಸಾಲಿನಲ್ಲಿ ಕೂರಿಸಬೇಡಿ.

ಈಗ ಆ 90ರ ವಿಷಯ. ಪುಸ್ತಕಗಳಲ್ಲಿ "ಉಳಿದ ಶೇಕಡಾ 90 ಶಾಖವಾಗಿ ನಷ್ಟವಾಗುತ್ತದೆ" ಅಂತ ಒಂದೇ ಸಾಲಿನಲ್ಲಿ ಬರೆದಿರುತ್ತಾರೆ. ಆ ಸಾಲು ಅರ್ಧ ಸರಿ. ಶಾಖವಾಗಿ ಹೋಗುವುದು ಮೂರನೇ ಜರಡಿಯಲ್ಲಿ ಉಸಿರಾಟಕ್ಕೆ ಹೋದದ್ದು ಮಾತ್ರ. ತಿನ್ನದೆ ಬಿಟ್ಟ ಎಲೆ ಮತ್ತು ಹಿಕ್ಕೆ ಎರಡರಲ್ಲೂ ಶಕ್ತಿ ಹಾಗೆಯೇ ಇದೆ. ಅದು ನೆಲಕ್ಕೆ ಬಿದ್ದು ಶಿಲೀಂಧ್ರ, ಬ್ಯಾಕ್ಟೀರಿಯಾ, ಎರೆಹುಳಗಳ ಊಟವಾಗುತ್ತದೆ. ನಮ್ಮ ಮರದಲ್ಲಿ 45 ಕಿಲೋ ಎಲೆ ಹೀಗೆ ಮಣ್ಣಿಗೆ ಹೋಯಿತು, ಅದರಲ್ಲಿ 2,02,500 ಕಿಲೋಕ್ಯಾಲರಿ ಇತ್ತು. ಹುಳಗಳು ತಿಂದದ್ದಕ್ಕಿಂತ ಒಂಬತ್ತು ಪಟ್ಟು! ಕಾಡಿನಲ್ಲಿ ಶಕ್ತಿಯ ದೊಡ್ಡ ದಾರಿ ಇದೇ. ನಾವು ಬೋರ್ಡಿನ ಮೇಲೆ ಬರೆಯುವ ಎಲೆ, ಹುಳ, ಹಕ್ಕಿಯ ಸರಪಳಿ ಅದರ ಪಕ್ಕದ ಕಾಲುದಾರಿ.

ಶಕ್ತಿ ನಾಶವಾಗುವುದಿಲ್ಲ ಎಂಬುದಕ್ಕೆ ಅವಳಿಗೆ ಒಂದು ಪೂರ್ತಿ ಲೆಕ್ಕಪುಸ್ತಕವನ್ನೇ ತೋರಿಸಬಹುದು. ಹೊವರ್ಡ್ ಓಡಮ್ ಎಂಬ ವಿಜ್ಞಾನಿ ಅಮೆರಿಕದ ಫ್ಲೋರಿಡಾದಲ್ಲಿರುವ ಸಿಲ್ವರ್ ಸ್ಪ್ರಿಂಗ್ಸ್ ಎಂಬ ತಿಳಿನೀರಿನ ಚಿಲುಮೆಯನ್ನು ಅಳೆದು 1957ರಲ್ಲಿ ಪ್ರಕಟಿಸಿದ ಲೆಕ್ಕ ಅದು. ಒಂದು ಚದರ ಮೀಟರ್ ಜಾಗದಲ್ಲಿ, ಒಂದು ವರ್ಷದಲ್ಲಿ, ಕಿಲೋಕ್ಯಾಲರಿಗಳಲ್ಲಿ. ಮೇಲೆ ಬಿದ್ದ ಬಿಸಿಲು 17,00,000. ಸಸ್ಯಗಳು ಹಿಡಿದುಕೊಂಡದ್ದು 20,810, ಅಂದರೆ ಶೇಕಡಾ ಒಂದಕ್ಕಿಂತ ಸ್ವಲ್ಪ ಜಾಸ್ತಿ. ಅದರಲ್ಲಿ 11,977ನ್ನು ಸಸ್ಯಗಳೇ ಉಸಿರಾಡಿ ಕಳೆದವು. ಸಸ್ಯಗಳೂ ಉಸಿರಾಡುತ್ತವೆ ಎಂಬುದನ್ನು ಮಕ್ಕಳು ಇಲ್ಲಿ ಮರೆತುಬಿಡುತ್ತಾರೆ. ಸಸ್ಯದ ಮೈಯಾಗಿ ಉಳಿದದ್ದು 8,833. ಸಸ್ಯಾಹಾರಿಗಳ ಮೈಯಾಗಿ ನಿಂತದ್ದು 1,478. ಅವನ್ನು ತಿನ್ನುವ ಮಾಂಸಾಹಾರಿಗಳಲ್ಲಿ 67. ತುತ್ತತುದಿಯ ಮಾಂಸಾಹಾರಿಗಳಲ್ಲಿ 6.

ಶೇಕಡಾವಾರು ಮಾಡಿದರೆ ಮೊದಲ ಮೆಟ್ಟಿಲು 16.7, ಎರಡನೆಯದು 4.5, ಮೂರನೆಯದು 9. ಒಂದೇ ಜಾಗದ ಒಂದೇ ಸರಪಳಿಯಲ್ಲಿ ಮೂರು ಮೆಟ್ಟಿಲಿಗೆ ಮೂರು ಅಂಕಿ. ಮತ್ತೆ ನೋಡಿ: ವಿಘಟಕಗಳು ಅಂದರೆ ಕೊಳೆಸುವ ಜೀವಿಗಳು ಒಳಗೆಳೆದುಕೊಂಡದ್ದು 5,060, ಸಸ್ಯಾಹಾರಿಗಳು ಜೀರ್ಣಿಸಿಕೊಂಡದ್ದು 3,368. ಇಲ್ಲಿಯೂ ಕೊಳೆಸುವವರದ್ದೇ ದೊಡ್ಡ ಪಾಲು.

ಈಗ ಜಮಾ ಖರ್ಚು ತಾಳೆ ಹಾಕಿ. ಸಸ್ಯಗಳು ಹಿಡಿದ 20,810ಕ್ಕೆ ಹೊರಗಿನಿಂದ ಬಂದ ಆಹಾರದ 486 ಸೇರಿಸಿದರೆ 21,296. ಎಲ್ಲ ಜೀವಿಗಳೂ ಸೇರಿ ಉಸಿರಾಟದಲ್ಲಿ ಶಾಖವಾಗಿ ಬಿಟ್ಟದ್ದು 18,796. ನೀರಿನ ಜೊತೆ ಕೆಳಕ್ಕೆ ಹರಿದು ಹೋದ ಕಸಕಡ್ಡಿಯಲ್ಲಿ 2,500. ಕೂಡಿಸಿ, 21,296. ಒಂದು ಕ್ಯಾಲರಿಯೂ ಕಾಣೆಯಾಗಿಲ್ಲ. "ನಷ್ಟ" ಎಂಬ ಪದದ ಅರ್ಥ ಇಷ್ಟೇ: ಶಾಖವಾಗಿ ಹೊರಬಿದ್ದ ಶಕ್ತಿಯನ್ನು ಯಾವ ಗಿಡವೂ ಹಿಡಿದು ಮತ್ತೆ ಸಕ್ಕರೆ ಮಾಡಲಾರದು. ಆ ಶಾಖ ಇದ್ದೇ ಇದೆ, ತಿನ್ನಲು ಬರುವುದಿಲ್ಲ. ನಿಮ್ಮ ಹುಡುಗಿಯ ಕೊನೆಯ ಪ್ರಶ್ನೆಗೆ ಈ ಕೂಡುಲೆಕ್ಕವೇ ಉತ್ತರ. ಅವಳ ಕೈಯಲ್ಲೇ ಬೋರ್ಡಿನ ಮೇಲೆ ಮಾಡಿಸಿ.

ತೂಕದ ಪಿರಮಿಡ್ ಬಗ್ಗೆ ನೀವು ಕೇಳಿಲ್ಲ, ಆದರೆ ಮರದ ಪ್ರಶ್ನೆ ಕೇಳಿದ ಹುಡುಗಿ ನಾಳೆ ಅಲ್ಲಿಗೂ ಬರುತ್ತಾಳೆ. ಮರದಲ್ಲಿ ತೂಕ ಹಾಕಿದರೆ ಪಿರಮಿಡ್ ನೆಟ್ಟಗಾಯಿತಲ್ಲ, ಹಾಗಾದರೆ ಯಾವಾಗಲೂ ತೂಕವೇ ಸರಿ ಅಂತ ಅನ್ನಿಸುತ್ತದೆ. ಸಮುದ್ರದಲ್ಲಿ ಅದೂ ಕೈಕೊಡುತ್ತದೆ. ಬ್ರಿಟನ್, ಫ್ರಾನ್ಸ್ ನಡುವಿನ ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಅಳೆದಾಗ ಒಂದು ಚದರ ಮೀಟರ್ ಮೇಲ್ಮೈಯ ಕೆಳಗಿನ ನೀರಿನಲ್ಲಿ ತೇಲುವ ಪಾಚಿ 4 ಗ್ರಾಂ ಇತ್ತು, ಅದನ್ನು ನೆಚ್ಚಿ ಬದುಕುವ ಸಣ್ಣ ಪ್ರಾಣಿಗಳು 21 ಗ್ರಾಂ ಇದ್ದವು. ತಿನ್ನುವವರ ತೂಕ ಊಟದ ತೂಕಕ್ಕಿಂತ ಐದು ಪಟ್ಟು!

ಇದನ್ನು ಬಾವಿಯ ಉದಾಹರಣೆಯಿಂದ ಹೇಳಿದರೆ ಮಕ್ಕಳಿಗೆ ಬೇಗ ಹತ್ತುತ್ತದೆ. ಬಾವಿಯಲ್ಲಿ ಈಗ ನಿಂತಿರುವ ನೀರು ಎಷ್ಟು ಎನ್ನುವುದು ಒಂದು, ಸೆಲೆಯಿಂದ ದಿನಕ್ಕೆ ಎಷ್ಟು ನೀರು ಊರುತ್ತದೆ ಎನ್ನುವುದು ಇನ್ನೊಂದು. ಮೊಳಕಾಲುದ್ದ ನೀರಿದ್ದರೂ ಸೆಲೆ ಜೋರಾಗಿದ್ದರೆ ಎಷ್ಟು ಕೊಡ ಸೇದಿದರೂ ಬತ್ತುವುದಿಲ್ಲ. ತೇಲುವ ಪಾಚಿ ಅಂಥ ಬಾವಿ. ಒಂದೆರಡು ದಿನದಲ್ಲಿ ದುಪ್ಪಟ್ಟಾಗುತ್ತದೆ, ಅಷ್ಟೇ ಬೇಗ ತಿಂದು ಮುಗಿಯುತ್ತದೆ. ನಾವು ಯಾವ ಕ್ಷಣ ಅಳೆದರೂ ಸಿಗುವುದು ಸ್ವಲ್ಪವೇ, ಆದರೆ ವರ್ಷವಿಡೀ ಹುಟ್ಟಿದ್ದನ್ನೆಲ್ಲ ಕೂಡಿಸಿದರೆ ತಿನ್ನುವವರು ಬೆಳೆದದ್ದಕ್ಕಿಂತ ಎಷ್ಟೋ ಜಾಸ್ತಿ. ತಲೆ ಎಣಿಸುವುದು, ತೂಕ ಹಾಕುವುದು ಎರಡೂ ನಿಂತ ನೀರನ್ನು ಅಳೆಯುವ ಕೆಲಸ. ಶೇಕಡಾ 10ರ ಮಾತು ಸೆಲೆಯ ಮಾತು. ಅದಕ್ಕೇ ಶಕ್ತಿಯ ಪಿರಮಿಡ್ಡಿನಲ್ಲಿ ಯಾವಾಗಲೂ "ಇಷ್ಟು ಜಾಗಕ್ಕೆ, ಇಷ್ಟು ಕಾಲಕ್ಕೆ" ಎಂಬ ಎರಡು ಮಾತು ಸೇರಿರಬೇಕು. ಒಂದು ಜಾಗದೊಳಗೇ ಬೆಳೆದದ್ದನ್ನು ತಿಂದು ಬದುಕುವ ಸರಪಳಿಯಲ್ಲಿ ಈ ಪಿರಮಿಡ್ ತಲೆಕೆಳಗಾಗಲು ಸಾಧ್ಯವಿಲ್ಲ. ಹುಟ್ಟಿದ್ದಕ್ಕಿಂತ ಜಾಸ್ತಿ ತಿಂದು ವರ್ಷವರ್ಷವೂ ಬದುಕಲಾಗದು.

ಬೋರ್ಡಿನ ಮೇಲೆ ಏನು ಬರೆಯಬೇಕು ಅಂತ ಕೇಳಿದ್ದೀರಿ. ಮೂರು ದಾರಿ ಇವೆ, ಮೂರರಲ್ಲೂ ಒಂದೊಂದು ತೊಡಕಿದೆ. ಸಂಖ್ಯೆಯ ಪಿರಮಿಡ್ಡಿನಿಂದ ಶುರು ಮಾಡಿದರೆ ಮಕ್ಕಳಿಗೆ ಸುಲಭ, ಎಣಿಸಲು ಬರುತ್ತದೆ. ಆದರೆ ಹುಲ್ಲಿನ ಒಂದು ಬುಡವನ್ನೂ ಒಂದು ಹೆಮ್ಮರವನ್ನೂ ಒಂದೊಂದು ಅಂತ ಎಣಿಸಬೇಕಾಗುತ್ತದೆ, ಮತ್ತೆ ಶೇಕಡಾ 10ಕ್ಕೂ ಇದಕ್ಕೂ ಗಂಟು ಬೀಳುತ್ತದೆ. ತೂಕದ ಪಿರಮಿಡ್ ಗಾತ್ರದ ತೊಡಕನ್ನು ಬಿಡಿಸುತ್ತದೆ, ಸಮುದ್ರಕ್ಕೆ ಹೋದಾಗ ಮಗುಚಿಕೊಳ್ಳುತ್ತದೆ. ಶಕ್ತಿಯ ಪಿರಮಿಡ್ ಮಗುಚುವುದಿಲ್ಲ, ಆದರೆ ಅದನ್ನು ಕಣ್ಣಲ್ಲಿ ನೋಡಲಾಗುವುದಿಲ್ಲ, ಅಂಕಿಗಳನ್ನು ನಂಬಿ ಬರೆಯಬೇಕು. ನನ್ನನ್ನು ಕೇಳಿದರೆ ಒಂದೇ ಮರವನ್ನು ಇಟ್ಟುಕೊಂಡು ಮೂರನ್ನೂ ಪಕ್ಕಪಕ್ಕ ಬರೆಯಿರಿ. ಪ್ರತಿಯೊಂದರ ಕೆಳಗೆ ಏನನ್ನು ಅಳೆದಿದ್ದೇವೆ ಎಂದು ಬರೆಯಿರಿ: "ತಲೆಗಳು", "ಗ್ರಾಂ", "ವರ್ಷಕ್ಕೆ ಕಿಲೋಕ್ಯಾಲರಿ". ಈ ಮೂರು ಪದ ಬರೆಯದೆ ಬರೀ ತ್ರಿಕೋನ ಬರೆದಾಗಲೇ ಗೊಂದಲ ಶುರುವಾಗುವುದು.

ಪರೀಕ್ಷೆಯ ಲೆಕ್ಕದ ಬಗ್ಗೆಯೂ ಒಂದು ಮಾತು, ಮಕ್ಕಳು ಅಂಕ ಕಳೆದುಕೊಳ್ಳುವುದು ಇಲ್ಲೇ. "ಸಸ್ಯಗಳಲ್ಲಿ 10,000 ಜೂಲ್ ಶಕ್ತಿ ಇದೆ" ಅಂತ ಪ್ರಶ್ನೆಯಲ್ಲಿದ್ದರೆ ಅಲ್ಲಿಂದಲೇ ಹತ್ತನೇ ಒಂದು ಮಾಡುತ್ತಾ ಹೋಗಬೇಕು: ಸಸ್ಯಾಹಾರಿಗೆ 1,000, ಮುಂದಿನದಕ್ಕೆ 100. ಆದರೆ "ಸೂರ್ಯನಿಂದ 1,00,000 ಜೂಲ್ ಬಂತು" ಅಂತ ಇದ್ದರೆ ಮೊದಲ ಹೆಜ್ಜೆಗೆ ಹತ್ತರ ಲೆಕ್ಕ ನಡೆಯುವುದಿಲ್ಲ. ಸಸ್ಯ ಹಿಡಿಯುವುದು ಶೇಕಡಾ 1ರಷ್ಟು, ಅಂದರೆ 1,000. ಆಮೇಲೆ 100, ಆಮೇಲೆ 10. ಸಿಲ್ವರ್ ಸ್ಪ್ರಿಂಗ್ಸ್ ಅಂಕಿಯಲ್ಲೂ ಬಿಸಿಲಿನಿಂದ ಸಸ್ಯಕ್ಕೆ ಒಂದರ ಆಸುಪಾಸೇ ಬಂದಿತ್ತು. ಪರೀಕ್ಷೆಯಲ್ಲಿ ಹತ್ತನ್ನೇ ಬಳಸಲಿ, ಕೇಳುವುದೇ ಅದನ್ನು. ಕಾಡಿನಲ್ಲಿ ಎಷ್ಟು ಎಂಬುದನ್ನು ತರಗತಿಯಲ್ಲಿ ಮಾತಾಡಿಕೊಳ್ಳಿ.

ಒಂದು ಪುಟ್ಟ ಪ್ರಯೋಗ ಮಾಡಿಸಲು ಸಾಧ್ಯವಾದರೆ ಮಾಡಿಸಿ. ಒಂದೇ ಜಾತಿಯ, ಮೈ ನುಣುಪಾಗಿರುವ ಎಲೆ ತಿನ್ನುವ ಹತ್ತು ಹುಳ ಸಾಕು. ಕೂದಲಿರುವ ಕಂಬಳಿಹುಳ ಬೇಡ, ಕೈ ತುರಿಸುತ್ತದೆ. ಬರಿಗೈಯಲ್ಲಿ ಎತ್ತುವ ಬದಲು ಸಣ್ಣ ಬ್ರಷ್‌ನಿಂದ ಸರಿಸಿ. ಅವು ತಿನ್ನುತ್ತಿದ್ದ ಗಿಡದ ಎಲೆಗಳನ್ನೇ ತಂದು ಪ್ರತಿ ಎಲೆಯನ್ನೂ ನಡುನರದ ಗುಂಟ ಎರಡಾಗಿ ಕತ್ತರಿಸಿ. ಒಂದು ಕಡೆಯ ಅರ್ಧಗಳನ್ನು ತೂಗಿ ಹುಳದ ಡಬ್ಬಿಗೆ ಹಾಕಿ. ಇನ್ನೊಂದು ಕಡೆಯ ಅರ್ಧಗಳನ್ನು ತೂಗಿ, ಹುಳವಿಲ್ಲದ ಅಂಥದ್ದೇ ಡಬ್ಬಿಯಲ್ಲಿ ಇಡಿ. ಎರಡಕ್ಕೂ ಗಾಳಿಯಾಡಲು ತೂತು ಇರಲಿ. ಒಂದು ದಿನ ಬಿಟ್ಟು ಮತ್ತೆ ತೂಗಿದಾಗ ಎರಡನೇ ಡಬ್ಬಿಯ ಎಲೆಯೂ ಹಗುರವಾಗಿರುತ್ತದೆ, ಯಾಕೆಂದರೆ ಎಲೆ ಬಾಡುತ್ತದೆ. ಮೊದಲ ಡಬ್ಬಿಯಲ್ಲಿ ಕಡಿಮೆಯಾದದ್ದನ್ನೆಲ್ಲ ಹುಳವೇ ತಿಂದಿತು ಅಂತ ಬರೆದರೆ ತಪ್ಪಾಗುತ್ತದೆ. ಬಾಡಿದ ಪಾಲನ್ನು ಎರಡನೇ ಡಬ್ಬಿ ಹೇಳಿಕೊಡುತ್ತದೆ, ಅದನ್ನು ಕಳೆಯಬೇಕು. ಆಮೇಲೆ ಆ ಎರಡನೇ ಡಬ್ಬಿಯ ಎಲೆಗಳನ್ನು ಪೂರ್ತಿ ಒಣಗಿಸಿ ತೂಗಿದರೆ, ಹಸಿ ಎಲೆಯಲ್ಲಿ ಒಣತೂಕ ಎಷ್ಟು ಪಾಲು ಎಂಬುದೂ ಸಿಗುತ್ತದೆ.

ಹಿಕ್ಕೆಗಳನ್ನು ಬ್ರಷ್‌ನಿಂದ ಗುಡಿಸಿ, ಒಣಗಿಸಿ ತೂಗಿ. ಹುಳಗಳನ್ನು ಹತ್ತನ್ನೂ ಒಟ್ಟಿಗೆ ಶುರುವಿನಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ತೂಗಿ. ಒಂದೇ ಹುಳವನ್ನು ತೂಗಿದರೆ ಶಾಲೆಯ ತಕ್ಕಡಿಗೆ ಅದರ ವ್ಯತ್ಯಾಸ ಗೊತ್ತಾಗುವುದಿಲ್ಲ. ಹುಳದ ಮೈಯಲ್ಲಿ ನೀರೇ ಜಾಸ್ತಿ, ಹೆಚ್ಚಿದ ತೂಕದಲ್ಲಿ ಆರನೇ ಒಂದು ಪಾಲನ್ನು ಒಣತೂಕ ಅಂತ ಹಿಡಿದರೆ ಈ ಪ್ರಯೋಗಕ್ಕೆ ಸಾಕು. ಯಾವುದಾದರೂ ಹುಳ ಎಲೆ ಮುಟ್ಟದೆ ಸುಮ್ಮನೆ ಕೂತಿದ್ದರೆ ಅದು ಪೊರೆ ಬಿಡಲು ತಯಾರಾಗಿದೆ ಅಂತ ಅರ್ಥ. ಆ ದಿನದ ಅಂಕಿಯನ್ನು ಬಿಟ್ಟು ಮಾರನೇ ದಿನ ಮತ್ತೆ ಶುರು ಮಾಡಿ.

ಕೊನೆಗೆ ತಿಂದ ಎಲೆಯ ಒಣತೂಕವನ್ನು ಒಂದು ಕಡೆ, ಹಿಕ್ಕೆ ಮತ್ತು ಹುಳ ಬೆಳೆದದ್ದರ ಒಣತೂಕವನ್ನು ಇನ್ನೊಂದು ಕಡೆ ಬರೆಯಿರಿ. ಎರಡನೇ ಕಡೆಯ ಮೊತ್ತ ಕಡಿಮೆ ಬರಬೇಕು. ಸಮ ಬಂದರೆ, ಇಲ್ಲ ಜಾಸ್ತಿ ಬಂದರೆ ಹಿಕ್ಕೆ ಇನ್ನೂ ಹಸಿಯಿತ್ತು ಅಂತ ತಿಳಿಯಿರಿ, ಮತ್ತೆ ಒಣಗಿಸಿ. ಕಡಿಮೆ ಬಿದ್ದ ಪಾಲು ಡಬ್ಬಿಯಲ್ಲಿ ಎಲ್ಲಿ ಹುಡುಕಿದರೂ ಸಿಗುವುದಿಲ್ಲ, ಅದು ಹುಳದ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಆವಿಯಾಗಿ ತೂತಿನಿಂದ ಹೊರಗೆ ಹೋಗಿದೆ, ಅದರ ಶಕ್ತಿ ಶಾಖವಾಗಿ ಹೋಗಿದೆ. ನಾನು ಮೇಲೆ ಮರಕ್ಕೆ ಹಿಡಿದ ಅಂದಾಜಿನಲ್ಲಿ ಅದು ತಿಂದದ್ದರ ಮೂರನೇ ಒಂದು ಪಾಲು. ನಿಮ್ಮ ಹುಡುಗಿಗೆ ಎಷ್ಟು ಬರುತ್ತದೆಯೋ ಆ ಅಂಕಿಯನ್ನೇ ಬೋರ್ಡಿನ ಮೇಲೆ ಬರೆಸಿ, ಅದರಿಂದಲೇ ಮರದ ಲೆಕ್ಕವನ್ನು ಮತ್ತೊಮ್ಮೆ ಮಾಡಿಸಿ.